ಮಾರುಕಟ್ಟೆಗೆ ಬಾರದ ಕೊಲೆಗಾರ

ವಿಂಡ್‌ಹೆಲ್ಮ್ ಎಂಬುದು ಸದಾ ಹಿಮ ಬೀಳುವ, ಕಲ್ಲಿನ ಗೋಡೆಗಳ ಊರು. ಅಲ್ಲಿ ಯಾರೋ ಒಬ್ಬ ಹೆಂಗಸರನ್ನು ಸರದಿಯಂತೆ ಕೊಲ್ಲುತ್ತಿದ್ದಾನೆ. ಒಂದು ರಾತ್ರಿ ಆಟಗಾರ ಊರೊಳಗೆ ಕಾಲಿಟ್ಟಾಗ ಸ್ಮಶಾನದಲ್ಲಿ ಜನ ಗುಂಪುಗೂಡಿರುತ್ತಾರೆ. ಕ್ಯಾಂಡಲ್‌ಹಾರ್ತ್ ಹಾಲ್ ಎಂಬ ಹೋಟೆಲಿನಲ್ಲಿ ಕೆಲಸಕ್ಕಿದ್ದ ಸುಸಾನಾ ಸತ್ತು ಬಿದ್ದಿರುತ್ತಾಳೆ. ಕಾವಲುಗಾರನಿಗೆ ಪುರುಸೊತ್ತಿಲ್ಲ, ತನಿಖೆ ಆಟಗಾರನ ಹೆಗಲೇರುತ್ತದೆ. ಸಾಕ್ಷಿಗಳನ್ನು ಮಾತಾಡಿಸಬೇಕು, ನೆತ್ತರ ಜಾಡು ಹಿಡಿದು ಯೆರಿಮ್ ಎಂಬ ಪಾಳುಮನೆಯವರೆಗೆ ಹೋಗಬೇಕು, ಬೀರುವಿನ ಹಿಂದಿನ ಗುಪ್ತ ಕೋಣೆಯಲ್ಲಿ ಕೊಲೆಗಾರನ ದಿನಚರಿ ಹುಡುಕಬೇಕು. ಕೊನೆಗೆ ಆಸ್ಥಾನದ ಮಾಂತ್ರಿಕ ವುನ್‌ಫರ್ತ್ ಲೆಕ್ಕ ಹಾಕಿ ಹೇಳುತ್ತಾನೆ: ಮುಂದಿನ ಕೊಲೆ ನಾಳೆ ರಾತ್ರಿ, ಸ್ಟೋನ್ ಕ್ವಾರ್ಟರ್ ಎಂಬ ಮಾರುಕಟ್ಟೆ ಚೌಕದಲ್ಲಿ.

ಆಟಗಾರ ಹೋಗಿ ಕಾಯುತ್ತಾನೆ. ರಾತ್ರಿ ಕಳೆಯುತ್ತದೆ, ಬೆಳಗಾಗುತ್ತದೆ, ಅಂಗಡಿಗಳ ಬಾಗಿಲು ತೆರೆಯುತ್ತವೆ. ಯಾರೂ ಬರುವುದಿಲ್ಲ. ಇನ್ನೊಂದು ರಾತ್ರಿ ಕಾದರೂ ಅಷ್ಟೆ.

ಇದು ಕಥೆಯ ತಿರುವಲ್ಲ, ಗೇಮ್ ಕೆಟ್ಟು ನಿಂತಿರುವುದು. ‘ದಿ ಎಲ್ಡರ್ ಸ್ಕ್ರಾಲ್ಸ್ 5: ಸ್ಕೈರಿಮ್’ ಎಂಬ ಗೇಮನ್ನು ಬೆಥೆಸ್ಡಾ ಗೇಮ್ ಸ್ಟುಡಿಯೋಸ್ 2011ರ ನವೆಂಬರ್ 11ರಂದು ಬಿಡುಗಡೆ ಮಾಡಿತು. ಒಬ್ಬರೇ ಕೂತು ಆಡುವ, ನೂರಾರು ಗಂಟೆ ನುಂಗುವ ರೋಲ್-ಪ್ಲೇಯಿಂಗ್ ಗೇಮ್ ಅದು. ಅದರಲ್ಲಿ ‘ಬ್ಲಡ್ ಆನ್ ದಿ ಐಸ್’ ಎಂಬ ಹೆಸರಿನ ಈ ಕೊಲೆ ತನಿಖೆಯ ಕ್ವೆಸ್ಟ್, ಎಲ್ಲೆಂದರಲ್ಲಿ ಕೆಡುವುದಕ್ಕೆ ಕುಖ್ಯಾತ. ಪ್ಲೇಸ್ಟೇಷನ್ ಅಥವಾ ಎಕ್ಸ್‌ಬಾಕ್ಸ್‌ನಲ್ಲಿ ಆಡುವವರು ಇಂಥ ಹೊತ್ತಿನಲ್ಲಿ ಹಳೆಯ ಸೇವ್‌ಗೆ ಮರಳಬೇಕು, ಇಲ್ಲವೇ ಆ ಕ್ವೆಸ್ಟನ್ನೇ ಕೈಬಿಡಬೇಕು. ಪಿಸಿಯಲ್ಲಿ ಆಡುವವರಿಗೆ ಮಾತ್ರ ಇನ್ನೊಂದು ದಾರಿಯಿದೆ. ಕೀಬೋರ್ಡಿನ ಎಡ ಮೂಲೆಯಲ್ಲಿ, ಎಸ್ಕೇಪ್ ಕೀಯ ಕೆಳಗಿರುವ ಕೀ ಒತ್ತಿದರೆ ತೆರೆಯ ಕೆಳಭಾಗ ಕಪ್ಪಾಗಿ, ಅಕ್ಷರ ಟೈಪ್ ಮಾಡಲು ಜಾಗ ತೆರೆದುಕೊಳ್ಳುತ್ತದೆ. ಅದೇ ಡೆವಲಪರ್ ಕನ್ಸೋಲ್.

ಹೆಸರೇ ಹೇಳುವಂತೆ ಇದು ಆಟಗಾರರಿಗಾಗಿ ಮಾಡಿದ್ದಲ್ಲ. ಗೇಮ್ ಕಟ್ಟುವವರು ಅದನ್ನು ಪರೀಕ್ಷಿಸಬೇಕಲ್ಲ? ಕ್ವೆಸ್ಟಿನ ಕೊನೆಯ ದೃಶ್ಯ ಸರಿಯಿದೆಯೇ ಎಂದು ನೋಡಲು ಪ್ರತಿ ಸಲ ಮೊದಲಿಂದ ಆಡಿಕೊಂಡು ಬರಲಾಗದು. ಹಾಗಾಗಿ ಬೇಕಾದ ಊರಿಗೆ ಜಿಗಿಯಲು, ಬೇಕಾದ ಕತ್ತಿ ಕೈಗೆ ತೆಗೆದುಕೊಳ್ಳಲು, ಕ್ವೆಸ್ಟನ್ನು ಬೇಕಾದ ಹಂತಕ್ಕೆ ತಳ್ಳಲು ಆಜ್ಞೆಗಳನ್ನು ಒಳಗೇ ಇಟ್ಟುಕೊಂಡಿರುತ್ತಾರೆ. ಬೆಥೆಸ್ಡಾದವರು 2002ರ ಮಾರೋವಿಂಡ್ ಕಾಲದಿಂದಲೂ ಪಿಸಿ ಆವೃತ್ತಿಯಲ್ಲಿ ಆ ಕಿಟಕಿಯನ್ನು ಮುಚ್ಚದೆ ಬಿಟ್ಟಿದ್ದಾರೆ. ಒಳ್ಳೆಯದೇ ಮಾಡಿದರು ಎನ್ನಬೇಕು. ತಾವು ಬಿಟ್ಟ ತೂತುಗಳನ್ನು ಮುಚ್ಚುವ ಸೂಜಿದಾರವನ್ನೂ ಪೆಟ್ಟಿಗೆಯೊಳಗೇ ಇಟ್ಟು ಕೊಟ್ಟಂತಾಯಿತು.

ಕೊಲೆಗಾರ ಯಾಕೆ ಬರಲಿಲ್ಲ ಎಂಬುದು ಗೊತ್ತಾಗಬೇಕಾದರೆ ಕ್ವೆಸ್ಟ್ ಒಳಗಿಂದ ಹೇಗಿರುತ್ತದೆ ಎಂದು ನೋಡಬೇಕು. ಆಟಗಾರನಿಗೆ ಅದು ಕಥೆ. ಗೇಮಿಗೆ ಅದು ಸಂಖ್ಯೆ ಹಾಕಿದ ಹಂತಗಳ ಒಂದು ಪಟ್ಟಿ. ಸಂಖ್ಯೆಗಳು ಒಂದು, ಎರಡು, ಮೂರು ಎಂದು ಬರುವುದಿಲ್ಲ. ಸಾಮಾನ್ಯವಾಗಿ ಹತ್ತು, ಇಪ್ಪತ್ತು, ಮೂವತ್ತು ಎಂದು ನಡುವೆ ಜಾಗ ಬಿಟ್ಟು ಹೋಗುತ್ತವೆ. ಆಮೇಲೆ ಯಾವುದಾದರೂ ಹಂತವನ್ನು ನಡುವೆ ಸೇರಿಸಬೇಕೆನಿಸಿದರೆ ಇರಲಿ ಎಂದು. ಪ್ರತಿ ಹಂತಕ್ಕೂ ಒಂದು ಪುಟ್ಟ ಸ್ಕ್ರಿಪ್ಟ್ ಅಂಟಿಕೊಂಡಿರಬಹುದು. ಹಂತ ತಲುಪಿದ ಕೂಡಲೇ ಆ ಸ್ಕ್ರಿಪ್ಟ್ ಓಡಿ ಜರ್ನಲ್‌ನಲ್ಲಿ ಹೊಸ ಸಾಲು ಬರೆಯುತ್ತದೆ, ಬಾಗಿಲಿನ ಬೀಗ ತೆಗೆಯುತ್ತದೆ, ಎಲ್ಲೋ ಇದ್ದ ವ್ಯಕ್ತಿಯನ್ನು ಇನ್ನೆಲ್ಲೋ ನಿಲ್ಲಿಸುತ್ತದೆ, ಬಹುಮಾನದ ಹಣ ಕೊಡುತ್ತದೆ.

ಒಂದು ಹಂತದಿಂದ ಮುಂದಿನದಕ್ಕೆ ಹೋಗಲು ಏನಾದರೂ ನಡೆಯಬೇಕು. ಒಬ್ಬರು ಒಂದು ಮಾತು ಆಡಿ ಮುಗಿಸಬೇಕು, ಯಾರಾದರೂ ಸಾಯಬೇಕು, ಅಥವಾ ಆಟಗಾರ ಇಂಥ ಜಾಗಕ್ಕೆ ಇಂಥ ಹೊತ್ತಿನಲ್ಲಿ ಬರಬೇಕು. ಸ್ಕೈರಿಮ್‌ನಂಥ ತೆರೆದ ಲೋಕದಲ್ಲಿ ತೊಂದರೆ ಹುಟ್ಟುವುದೇ ಇಲ್ಲಿ. ಕೊಲೆಗಾರ ಹಗಲಿಡೀ ಆ ಊರಲ್ಲೇ ಸಾಮಾನ್ಯ ಮನುಷ್ಯನಾಗಿ ಓಡಾಡಿಕೊಂಡಿರುತ್ತಾನೆ. ವಿಚಿತ್ರ ವಸ್ತುಗಳ ಸಂಗ್ರಹಾಲಯ ನಡೆಸುವ ಕ್ಯಾಲಿಕ್ಸ್ಟೋ ಅವನು. (2011ರ ಗೇಮಿನ ಗುಟ್ಟು ಬಯಲು ಮಾಡಿದ್ದಕ್ಕೆ ಈಗ ಯಾರೂ ಕೋಪಿಸಿಕೊಳ್ಳಲಾರರು.) ಊರಿಗೆ ಡ್ರ್ಯಾಗನ್ ದಾಳಿ ಮಾಡಿರಬಹುದು, ಅವನೋ ಬಲಿಯಾಗಬೇಕಾದವಳೋ ಆ ಗಲಾಟೆಯಲ್ಲಿ ಮೊದಲೇ ಸತ್ತಿರಬಹುದು, ಅಂತರ್ಯುದ್ಧದ ಕ್ವೆಸ್ಟ್ ನಡುವೆ ಬಂದು ಅರಮನೆಯವರೇ ಬದಲಾಗಿರಬಹುದು. ಆಗ ಮುಂದಿನ ಹಂತಕ್ಕೆ ತಳ್ಳಬೇಕಾದ ಘಟನೆ ನಡೆಯುವುದೇ ಇಲ್ಲ. ಕ್ವೆಸ್ಟ್ ತನ್ನ ಸಂಖ್ಯೆಯ ಮೇಲೆಯೇ ಕೂತಿರುತ್ತದೆ, ಆಟಗಾರ ಮಾರುಕಟ್ಟೆಯಲ್ಲಿ ನಿಂತಿರುತ್ತಾನೆ.

ಹಾಗೆಂದು ತಕ್ಷಣ ಕನ್ಸೋಲ್ ತೆರೆಯುವ ಅಗತ್ಯವಿಲ್ಲ. ಎಷ್ಟೋ ಸಲ ಗೇಮ್ ಕೆಟ್ಟಿರುವುದಿಲ್ಲ, ಸ್ವಲ್ಪ ಎಡವಿರುತ್ತದೆ ಅಷ್ಟೆ. ಊರಿಂದ ಹೊರಗೆ ಹೋಗಿ, ಗೇಮಿನ ಲೆಕ್ಕದಲ್ಲಿ ಒಂದು ದಿನ ಕಾದು, ಕತ್ತಲಾದ ಮೇಲೆ ಮತ್ತೆ ಒಳಗೆ ಬಂದರೆ ಜನ ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುವುದುಂಟು. ಸ್ವಲ್ಪ ಹಿಂದಿನ ಸೇವ್ ತೆರೆದು ಅದೇ ಮಾತುಕತೆಯನ್ನು ಇನ್ನೊಮ್ಮೆ, ಈ ಬಾರಿ ಯಾವ ಸಾಲನ್ನೂ ಕ್ಲಿಕ್ ಮಾಡಿ ಹಾರಿಸದೆ, ಪೂರ್ತಿ ಕೇಳಿದರೂ ಕೆಲವೊಮ್ಮೆ ಸರಿಹೋಗುತ್ತದೆ. ಈ ಎರಡೂ ಫಲ ಕೊಡದಿದ್ದಾಗ ಕ್ವೆಸ್ಟ್ ನಿಜವಾಗಿಯೂ ಸಿಕ್ಕಿಕೊಂಡಿದೆ ಎಂದುಕೊಳ್ಳಬಹುದು.

ಆಗಲೂ ಮೊದಲ ಕೆಲಸ ಸೇವ್ ಮಾಡುವುದು. ಕನ್ಸೋಲಿನಲ್ಲಿ ಹಿಂದಕ್ಕೆ ಪಡೆಯುವ ಗುಂಡಿಯಿಲ್ಲ, ಮಾಡಿದ್ದು ಮಾಡಿದ್ದೇ. ಎಫ್5 ಒತ್ತಿ ಮಾಡುವ ಕ್ವಿಕ್‌ಸೇವ್ ಇಲ್ಲಿ ಸಾಲದು, ಏಕೆಂದರೆ ಮುಂದೆ ಅಭ್ಯಾಸಬಲದಿಂದ ಇನ್ನೊಮ್ಮೆ ಎಫ್5 ಒತ್ತಿದರೆ ಹಳೆಯದು ಅಳಿಸಿಹೋಗುತ್ತದೆ. ಬೇರೆ ಹೆಸರಿಟ್ಟು ಸೇವ್ ಮಾಡಿಕೊಳ್ಳಬೇಕು. ಕನ್ಸೋಲಿನಿಂದಲೇ ಅದನ್ನೂ ಮಾಡಬಹುದು:

```
save before_ms11
```

ಇನ್ನು ರೋಗ ಪತ್ತೆ. ಕನ್ಸೋಲ್ ತೆರೆದಿರುವಷ್ಟು ಹೊತ್ತು ಗೇಮ್ ನಿಂತಿರುತ್ತದೆ. ಡ್ರ್ಯಾಗನ್ ಬಾಯಿ ತೆರೆದು ಮೇಲೆ ನಿಂತಿದ್ದರೂ ನಿಧಾನವಾಗಿ ಟೈಪ್ ಮಾಡಬಹುದು. ಪ್ರತಿ ಕ್ವೆಸ್ಟಿಗೂ ಆಟಗಾರನಿಗೆ ಕಾಣುವ ಹೆಸರಲ್ಲದೆ ಒಳಗಿನ ಗುರುತು ಇನ್ನೊಂದಿರುತ್ತದೆ. ‘ಬ್ಲಡ್ ಆನ್ ದಿ ಐಸ್’ಗೆ ಅದು `MS11`. ಗುರುತು ಗೊತ್ತಿಲ್ಲದಿದ್ದರೆ `sqt` ಎಂದು ಬರೆದು ಎಂಟರ್ ಒತ್ತಬೇಕು; ಸದ್ಯ ಚಾಲ್ತಿಯಲ್ಲಿರುವ ಕ್ವೆಸ್ಟ್‌ಗಳೂ ಅವುಗಳ ಗುರಿಗಳೂ ಪಟ್ಟಿಯಾಗಿ ಬರುತ್ತವೆ. ಪಟ್ಟಿ ಉದ್ದವಾಗಿ ಮೇಲಕ್ಕೆ ಸರಿದುಹೋದರೆ ಪೇಜ್ ಅಪ್ ಕೀ ಒತ್ತಿ ಹಿಂದಕ್ಕೆ ಹೋಗಬಹುದು. ಗುರುತು ಸಿಕ್ಕಮೇಲೆ ಎರಡು ಪ್ರಶ್ನೆ ಕೇಳಬೇಕು:

```
getstage ms11
sqs ms11
```

ಮೊದಲನೆಯದು ಕ್ವೆಸ್ಟ್ ಈಗ ಯಾವ ಸಂಖ್ಯೆಯ ಮೇಲೆ ನಿಂತಿದೆ ಎಂದು ಹೇಳುತ್ತದೆ. ಎರಡನೆಯದು ಆ ಕ್ವೆಸ್ಟಿನ ಎಲ್ಲ ಹಂತಗಳನ್ನೂ ಒಂದರ ಕೆಳಗೊಂದು ತೋರಿಸಿ, ಪ್ರತಿಯೊಂದರ ಮುಂದೆ ಮುಗಿದಿದ್ದರೆ 1, ಮುಗಿದಿಲ್ಲದಿದ್ದರೆ 0 ಎಂದು ಬರೆಯುತ್ತದೆ. ಈ ಎರಡನ್ನೂ ಒಂದು ಕಾಗದದ ಮೇಲೆ ಗುರುತು ಮಾಡಿಕೊಳ್ಳುವುದು ವಾಸಿ. ಪಟ್ಟಿಯಲ್ಲಿ 1ಗಳ ನಡುವೆ ಅಲ್ಲಲ್ಲಿ 0 ಕಂಡರೆ ಗಾಬರಿಯಾಗಬೇಕಿಲ್ಲ. ಈ ಕ್ವೆಸ್ಟಿನಲ್ಲಿ ಕವಲು ದಾರಿಗಳಿವೆ: ನಿರಪರಾಧಿ ಮಾಂತ್ರಿಕನ ಮೇಲೆಯೇ ಆರೋಪ ಹೊರಿಸಿ ಅವನನ್ನು ಜೈಲಿಗೆ ಕಳಿಸುವ ದಾರಿಯೂ ಇದೆ, ಅವನನ್ನೇ ಕೇಳಿ ಮುಂದುವರಿಯುವ ದಾರಿಯೂ ಇದೆ. ಹಿಡಿಯದ ದಾರಿಯ ಹಂತಗಳು 0 ಆಗಿಯೇ ಉಳಿಯುತ್ತವೆ.

ಈಗ ತಳ್ಳುವ ಕೆಲಸ. ಅದಕ್ಕಿರುವ ಆಜ್ಞೆ `setstage`. ಅದರ ಮುಂದೆ ಕ್ವೆಸ್ಟಿನ ಗುರುತು, ಆಮೇಲೆ ಬೇಕಾದ ಹಂತದ ಸಂಖ್ಯೆ. ಆ ಸಂಖ್ಯೆಯನ್ನು ತನ್ನ ತೆರೆಯ ಮೇಲಿನ ಪಟ್ಟಿಯಿಂದಲೇ ಆರಿಸಬೇಕು. ಯಾವ ಸಂಖ್ಯೆಗೆ ಯಾವ ಘಟನೆ ಎಂಬುದನ್ನು ಆಟಗಾರರು ಕಟ್ಟಿರುವ ವಿಕಿಗಳಲ್ಲಿ ನೋಡಿಕೊಳ್ಳಬಹುದು. ಆದರೆ ಗೇಮಿಗೆ ಮಾಡ್‌ಗಳನ್ನು ಹಾಕಿಕೊಂಡವರಲ್ಲಿ ಹಂತಗಳೂ ಬದಲಾಗಿರಬಹುದು, ಆದ್ದರಿಂದ `sqs` ತೋರಿಸಿದ್ದೇ ಪ್ರಮಾಣ.

ಇಲ್ಲಿ ಬಹಳ ಮಂದಿ ಮುಗ್ಗರಿಸುತ್ತಾರೆ. ಹೇಗೂ ತಳ್ಳುತ್ತಿದ್ದೇವೆ, ಕೊನೆಯ ಹಂತಕ್ಕೇ ತಳ್ಳಿಬಿಟ್ಟರಾಯಿತಲ್ಲ ಎಂದುಕೊಳ್ಳುತ್ತಾರೆ. ಜರ್ನಲ್‌ನಲ್ಲಿ ಕ್ವೆಸ್ಟ್ ಮುಗಿಯಿತು ಎಂದು ಬರುತ್ತದೆ, ಸಮಾಧಾನವೂ ಆಗುತ್ತದೆ. ಆದರೆ `setstage` ಹೇಳಿದ ಆ ಒಂದು ಹಂತದ ಸ್ಕ್ರಿಪ್ಟನ್ನು ಮಾತ್ರ ಓಡಿಸುತ್ತದೆ. ನಡುವಿನವನ್ನು ತಾನಾಗಿ ಓಡಿಸುವುದಿಲ್ಲ. ನಡುವಿನ ಹಂತವೊಂದರಲ್ಲಿ ಯಾರನ್ನೋ ಜೈಲಿನಿಂದ ಬಿಡಿಸುವ ಕೆಲಸವೋ, ಯಾವುದೋ ವಸ್ತುವನ್ನು ಕ್ವೆಸ್ಟಿನ ಹಿಡಿತದಿಂದ ಬಿಡುಗಡೆ ಮಾಡುವ ಕೆಲಸವೋ ಇದ್ದರೆ ಅದು ಆಗದೇ ಉಳಿಯುತ್ತದೆ. ಇದರ ಪರಿಣಾಮ ಆಗಲೇ ಕಾಣುವುದಿಲ್ಲ. ಇಪ್ಪತ್ತು ಗಂಟೆ ಆಡಿದ ಮೇಲೆ ಚೀಲದಲ್ಲಿರುವ ಒಂದು ಪದಕವನ್ನು ಎಸೆಯಲೂ ಆಗದೆ, ಮಾರಲೂ ಆಗದೆ ಪೇಚಾಡುವಾಗ ಗೊತ್ತಾಗುತ್ತದೆ.

ಆದ್ದರಿಂದ ಸಿಕ್ಕಿಕೊಂಡ ಹಂತದ ಮುಂದಿನದಕ್ಕೆ, ಅದೂ ತಾನು ಹಿಡಿದ ಕವಲಿನ ಮುಂದಿನದಕ್ಕೆ, ಒಂದೇ ಒಂದು ಹೆಜ್ಜೆ. ಆಜ್ಞೆ ಕೊಟ್ಟು ಕನ್ಸೋಲ್ ಮುಚ್ಚಬೇಕು. ಮುಚ್ಚುವುದು ಮುಖ್ಯ, ಏಕೆಂದರೆ ಅದು ತೆರೆದಿರುವಾಗ ಗೇಮಿನ ಜೊತೆ ಸ್ಕ್ರಿಪ್ಟ್‌ಗಳೂ ನಿಂತಿರುತ್ತವೆ. ಕೆಲವು ಸೆಕೆಂಡು ಬಿಟ್ಟು ನೋಡಿದರೆ ಜರ್ನಲ್‌ನಲ್ಲಿ ಹೊಸ ಸಾಲು ಬಂದಿರಬೇಕು, ನಕ್ಷೆಯ ಮೇಲಿನ ಬಾಣ ಜಾಗ ಬದಲಿಸಿರಬೇಕು. ಮಾರುಕಟ್ಟೆಯ ಕೊಲೆಗಾರನ ಹಂತದಲ್ಲಾದರೆ ಅಲ್ಲಿಂದ ಮುಂದೆ ಆಟವನ್ನು ಆಡಿಯೇ ಮುಗಿಸಲು ಸಾಧ್ಯವಾಗಬಹುದು. ಆಗ ಉಳಿದ ಹಂತಗಳು ತಾವಾಗಿಯೇ ಬೀಳುತ್ತವೆ, ಅದಕ್ಕಿಂತ ಒಳ್ಳೆಯದಿಲ್ಲ. ಏನೂ ಆಗದಿದ್ದರೆ, ಉದಾಹರಣೆಗೆ ಕ್ಯಾಲಿಕ್ಸ್ಟೋ ಎಂದೋ ಸತ್ತುಹೋಗಿದ್ದರೆ, ಮತ್ತೊಂದು ಹೆಜ್ಜೆ, ಮತ್ತೆ ಮುಚ್ಚಿ ನೋಡುವುದು.

ಮುಂದೆ ಹೋದ ಕ್ವೆಸ್ಟನ್ನು ಇದೇ ಆಜ್ಞೆಯಿಂದ ಹಿಂದಕ್ಕೆ ಎಳೆಯಬಹುದೇ? ಎಳೆಯಲಾಗದು. ಒಮ್ಮೆ ಮುಗಿದ ಹಂತವನ್ನು ಮತ್ತೆ ಹೇಳಿದರೆ, ಮರುಕಳಿಸಲು ಅವಕಾಶವಿರುವ ಕೆಲವು ಕ್ವೆಸ್ಟ್‌ಗಳಲ್ಲಿ ಬಿಟ್ಟು, ಗೇಮ್ ಕಿವಿಗೆ ಹಾಕಿಕೊಳ್ಳುವುದಿಲ್ಲ. `resetquest` ಎಂಬ ಇನ್ನೊಂದು ಆಜ್ಞೆ ಇಡೀ ಕ್ವೆಸ್ಟನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಆದರೆ ಅದು ತರುವುದು ಕ್ವೆಸ್ಟಿನ ಲೆಕ್ಕವನ್ನು ಮಾತ್ರ. ಸತ್ತ ಸುಸಾನಾ ಎದ್ದು ಬರುವುದಿಲ್ಲ, ಓದಿ ಎತ್ತಿಟ್ಟುಕೊಂಡ ದಿನಚರಿ ಬೀರುವಿಗೆ ಮರಳುವುದಿಲ್ಲ. ಲೆಕ್ಕ ಒಂದು ಕಡೆ, ಲೋಕ ಇನ್ನೊಂದು ಕಡೆ ಆಗಿ ಹಳೆಯ ತೊಡಕಿನ ಮೇಲೆ ಹೊಸ ತೊಡಕು ಕೂರುತ್ತದೆ. `completequest` ಇನ್ನೂ ಮೋಸದ್ದು. ಅದು ಕ್ವೆಸ್ಟ್ ಮುಗಿಯಿತೆಂದು ಗುರುತು ಹಾಕುತ್ತದೆಯೇ ಹೊರತು ಮುಗಿಸುವ ಕೆಲಸಗಳನ್ನು ಮಾಡುವುದಿಲ್ಲ.

`caqs` ಎಂಬ ನಾಲ್ಕು ಅಕ್ಷರಗಳನ್ನಂತೂ ಬೆರಳು ತಪ್ಪಿಯೂ ಒತ್ತಬಾರದು. ಅದು ಗೇಮಿನಲ್ಲಿರುವ ಎಲ್ಲ ಕ್ವೆಸ್ಟ್‌ಗಳ ಎಲ್ಲ ಹಂತಗಳನ್ನೂ ಒಟ್ಟಿಗೆ ಮುಗಿಸಲು ಹೊರಡುತ್ತದೆ. ಒಂದಕ್ಕೊಂದು ವಿರುದ್ಧವಾದ ಕವಲುಗಳೂ ಅದರಲ್ಲಿ ಸೇರುತ್ತವೆ. ಗೇಮ್ ಅಲ್ಲೇ ಕುಸಿದು ಮುಚ್ಚಿಕೊಳ್ಳಬಹುದು, ಮುಚ್ಚಿಕೊಳ್ಳದಿದ್ದರೂ ಆ ಸೇವ್‌ನಲ್ಲಿ ಆಡಲು ಏನೂ ಉಳಿದಿರುವುದಿಲ್ಲ.

ಕ್ವೆಸ್ಟ್ ಸಿಕ್ಕಿಕೊಳ್ಳಲು ಹಲವು ಸಲ ಕಾರಣ ಹಂತವಲ್ಲ, ಮನುಷ್ಯ. ಮಾತಾಡಿಸಬೇಕಾದವರೇ ಕಾಣುವುದಿಲ್ಲ. ಇದಕ್ಕೆ ಎಲ್ಲ ಆಟಗಾರರಿಗೂ ಪರಿಚಯವಿರುವ ಉದಾಹರಣೆಯೆಂದರೆ ಲಿಡಿಯಾ. ವೈಟ್‌ರನ್ ಊರಿನ ಒಡೆಯ ಬಾಲ್‌ಗ್ರೂಫ್, ಮೊದಲ ಡ್ರ್ಯಾಗನ್ ಕೊಂದು ಬಂದ ಆಟಗಾರನಿಗೆ ಅಂಗರಕ್ಷಕಿಯಾಗಿ ಇವಳನ್ನು ಕೊಡುತ್ತಾನೆ. ಆಮೇಲೆ ಅವಳು ಯಾವುದೋ ಗುಹೆಯಲ್ಲಿ, ಯಾವುದೋ ಬೆಟ್ಟದ ಸಂದಿಯಲ್ಲಿ ಹಿಂದುಳಿದು ಕಾಣೆಯಾಗುವುದು ಸರ್ವೇಸಾಮಾನ್ಯ. ಅವಳನ್ನು ಕರೆಸಲು ಎರಡು ಸಾಲು ಸಾಕು:

```
prid a2c94
moveto player
```

ಮೊದಲ ಸಾಲು ಅವಳನ್ನು ಆರಿಸುತ್ತದೆ, ಎರಡನೆಯದು ಆಟಗಾರನ ಪಕ್ಕಕ್ಕೆ ತಂದು ನಿಲ್ಲಿಸುತ್ತದೆ. ಇಲ್ಲಿ `a2c94` ಎಂಬುದು ಆ ಲೋಕದಲ್ಲಿ ಓಡಾಡುತ್ತಿರುವ, ಬದುಕಿರುವ ಆ ಒಬ್ಬ ಲಿಡಿಯಾಳ ಸಂಖ್ಯೆ. ಲಿಡಿಯಾಳಿಗೆ ಇನ್ನೊಂದು ಸಂಖ್ಯೆಯೂ ಇದೆ: `a2c8e`. ಅದು ಅವಳದಲ್ಲ, ಅವಳ ಅಚ್ಚಿನದು. ಲಿಡಿಯಾ ಎಂಬವಳ ಮುಖ ಹೇಗಿರಬೇಕು, ದನಿ ಯಾವುದು, ಯಾವ ಕವಚ ತೊಟ್ಟಿರಬೇಕು ಎಂದು ಬರೆದಿಟ್ಟಿರುವ ನಮೂನೆಯ ಸಂಖ್ಯೆ. ಮೊದಲನೆಯದನ್ನು ರೆಫ್ ಐಡಿ ಎಂದೂ ಎರಡನೆಯದನ್ನು ಬೇಸ್ ಐಡಿ ಎಂದೂ ಕರೆಯುತ್ತಾರೆ. ಕನ್ಸೋಲ್ ಬಳಸುವವರು ಮಾಡಿಕೊಳ್ಳುವ ಎಡವಟ್ಟುಗಳಲ್ಲಿ ಅರ್ಧಕ್ಕರ್ಧ ಇವೆರಡನ್ನು ಕಲಸಿದ್ದರಿಂದ ಆದದ್ದು.

ಲಿಡಿಯಾ ಕಾಣುತ್ತಿಲ್ಲವೆಂದು ಯಾರಾದರೂ ಹೀಗೆ ಬರೆದರು ಎನ್ನಿ:

```
player.placeatme a2c8e
```

ಪಕ್ಕದಲ್ಲಿ ಲಿಡಿಯಾ ಪ್ರತ್ಯಕ್ಷಳಾಗುತ್ತಾಳೆ. ಅದೇ ಮುಖ, ಅದೇ ದನಿ. ಆದರೆ ಇವಳು ಅಚ್ಚಿನಿಂದ ಹೊಸದಾಗಿ ತೆಗೆದ ಇನ್ನೊಬ್ಬಳು. ಆಟಗಾರ ಹಳೆಯ ಲಿಡಿಯಾಳಿಗೆ ಕೊಟ್ಟಿದ್ದ ಒಳ್ಳೆಯ ಕತ್ತಿ ಇವಳ ಬಳಿ ಇರುವುದಿಲ್ಲ, ಏಕೆಂದರೆ ಆ ಲಿಡಿಯಾ ಇನ್ನೂ ಎಲ್ಲೋ ಗುಹೆಯಲ್ಲಿ ನಿಂತಿದ್ದಾಳೆ. ಮುಂದೊಂದು ದಿನ ಅವಳೂ ಮನೆಗೆ ಬಂದರೆ ಊಟದ ಮೇಜಿನ ಎರಡೂ ಬದಿಗೆ ಇಬ್ಬರು ಲಿಡಿಯಾರು. ಕ್ವೆಸ್ಟಿನ ಪಾತ್ರಧಾರಿಗಳ ವಿಷಯದಲ್ಲಿ ಇದು ನಗುವ ಮಾತಲ್ಲ. ಕ್ವೆಸ್ಟ್ ತನಗೆ ಬೇಕಾದ ವ್ಯಕ್ತಿಯನ್ನು ಸಾಮಾನ್ಯವಾಗಿ ರೆಫ್ ಐಡಿಯಿಂದ ಗುರುತಿಟ್ಟುಕೊಂಡಿರುತ್ತದೆ. ನಕಲಿಯನ್ನು ಎಷ್ಟು ಮಾತಾಡಿಸಿದರೂ ಕ್ವೆಸ್ಟಿನ ಮಾತು ಹೊರಡುವುದಿಲ್ಲ. ಅಸಲಿ ಯಾರು, ನಕಲಿ ಯಾರು ಎಂದು ತಿಳಿಯುವುದು ಸುಲಭ: ಕನ್ಸೋಲ್ ತೆರೆದು ವ್ಯಕ್ತಿಯ ಮೇಲೆ ಕ್ಲಿಕ್ ಮಾಡಿದರೆ ತೆರೆಯ ಮೇಲೆ ಅವರ ಸಂಖ್ಯೆ ಕಾಣುತ್ತದೆ. ಅದು `ff` ಎಂದು ಶುರುವಾದರೆ ಆಟದ ನಡುವೆ ಹೊಸದಾಗಿ ಹುಟ್ಟಿದ್ದು, ಆ ಸೇವ್‌ನಲ್ಲಿ ಮಾತ್ರ ಇರುವುದು ಎಂದರ್ಥ.

ಆರಿಸಿದ ವ್ಯಕ್ತಿ ಸತ್ತಿದ್ದರೆ `resurrect` ಎಂಬ ಆಜ್ಞೆ ಎಬ್ಬಿಸುತ್ತದೆ. ಎಬ್ಬಿಸುವ ಮೊದಲು ಶವದ ಬಳಿ ಇರುವ ಬೆಲೆಬಾಳುವ ವಸ್ತುಗಳನ್ನು ತೆಗೆದುಕೊಳ್ಳುವುದು ಜಾಣತನ.

ವಸ್ತುಗಳ ವಿಷಯಕ್ಕೆ ಬಂದರೆ, ಕನ್ಸೋಲಿನ ಹೆಸರು ಹೇಳಿದೊಡನೆ ಎಲ್ಲರಿಗೂ ನೆನಪಾಗುವುದು ಚಿನ್ನ:

```
player.additem f 100
```

ಚೀಲಕ್ಕೆ ನೂರು ಚಿನ್ನದ ನಾಣ್ಯ ಬಂದು ಬೀಳುತ್ತದೆ. `f` ಎಂಬುದು ಚಿನ್ನದ ಬೇಸ್ ಐಡಿ. ಪೂರ್ತಿ ಬರೆದರೆ `0000000f`, ಎಡಗಡೆಯ ಸೊನ್ನೆಗಳನ್ನು ಬಿಡಬಹುದು. ಬೀಗ ತೆಗೆಯುವ ಕಡ್ಡಿ `a`. ಈ ಸಂಖ್ಯೆಗಳಲ್ಲಿ ಒಂಬತ್ತರ ನಂತರ `a`ಯಿಂದ `f`ವರೆಗಿನ ಅಕ್ಷರಗಳು ಬರುತ್ತವೆ. ಅದಕ್ಕಿಂತ ಆಚಿನ ಅಕ್ಷರ ಇಲ್ಲಿ ಇಲ್ಲ, ಹಾಗಾಗಿ ದುಂಡಗೆ ಕಾಣುವುದೆಲ್ಲ ಸೊನ್ನೆಯೇ ಹೊರತು `O` ಅಲ್ಲ.

ಬೇರೆ ವಸ್ತುವಿನ ಸಂಖ್ಯೆ ತಿಳಿಯಬೇಕಾದರೆ ಗೇಮನ್ನೇ ಕೇಳಬಹುದು:

```
help "iron sword" 4
```

ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಉದ್ಧರಣ ಚಿಹ್ನೆ ಬೇಕು. ಕೊನೆಯ 4, ಆಜ್ಞೆಗಳ ಪಟ್ಟಿಯನ್ನೆಲ್ಲ ಬಿಟ್ಟು ವಸ್ತು, ವ್ಯಕ್ತಿಗಳಲ್ಲಿ ಮಾತ್ರ ಹುಡುಕು ಎನ್ನುವುದಕ್ಕೆ. ಉತ್ತರದಲ್ಲಿ ಬರುವ ಸಾಲುಗಳಲ್ಲಿ ಕಬ್ಬಿಣದ ಕತ್ತಿಯ ಮುಂದೆ `00012EB7` ಎಂದಿರುತ್ತದೆ. ಗೇಮಿನ ನಂತರ ಬಂದ ಡಾನ್‌ಗಾರ್ಡ್, ಡ್ರ್ಯಾಗನ್‌ಬಾರ್ನ್‌ನಂಥ ಸೇರ್ಪಡೆಗಳ ವಸ್ತುವಾದರೆ ಮೊದಲ ಎರಡು ಅಂಕಿ ಸೊನ್ನೆಯಾಗಿರುವುದಿಲ್ಲ. ಆ ಸೇರ್ಪಡೆ ಎಷ್ಟನೆಯದಾಗಿ ಲೋಡ್ ಆಗಿದೆ ಎಂಬುದನ್ನು ಅವು ಹೇಳುತ್ತವೆ. ಮಾಡ್‌ಗಳ ವಸ್ತುಗಳಲ್ಲಂತೂ ಒಬ್ಬರ ಕಂಪ್ಯೂಟರಿನ ಸಂಖ್ಯೆ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ಅದಕ್ಕೇ ಬೇರೆಯವರ ಪಟ್ಟಿಯಿಂದ ಸಂಖ್ಯೆ ನಕಲು ಮಾಡುವುದಕ್ಕಿಂತ `help` ಕೇಳುವುದೇ ನಂಬಿಕೆಯ ದಾರಿ.

ಇಲ್ಲಿಯೂ ಅಚ್ಚು ಮತ್ತು ಅಸಲಿನ ತೊಡಕು ಮತ್ತೆ ಎದುರಾಗುತ್ತದೆ. `additem` ಕೊಡುವುದು ಅಚ್ಚಿನಿಂದ ತೆಗೆದ ಹೊಸ ಪ್ರತಿ. ಕತ್ತಿ, ಬಾಣ, ಔಷಧಿ, ಕಬ್ಬಿಣದ ಗಟ್ಟಿ ಇವುಗಳಲ್ಲಿ ಯಾವ ಪ್ರತಿಯಾದರೂ ಒಂದೇ. ಆದರೆ ಕ್ವೆಸ್ಟಿಗೆ ಬೇಕಾದ ವಸ್ತು, ಉದಾಹರಣೆಗೆ ಯಾರೋ ಕಳೆದುಕೊಂಡ ಉಂಗುರವೋ ಪುಸ್ತಕವೋ ಆದರೆ, ಅನೇಕ ಕ್ವೆಸ್ಟ್‌ಗಳು ಆ ಒಂದು ನಿರ್ದಿಷ್ಟ ವಸ್ತುವನ್ನೇ ಗುರುತಿಟ್ಟುಕೊಂಡಿರುತ್ತವೆ. ಅಂಥದ್ದೇ ಇನ್ನೊಂದನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ನಿಂತರೆ ಕೊಡುವ ಮಾತೇ ಪಟ್ಟಿಯಲ್ಲಿ ಬರುವುದಿಲ್ಲ. ಅಸಲಿ ನೆಲದ ಸಂದಿಗೆ ಬಿದ್ದು ಕೈಗೆ ಸಿಗದಂತಾಗಿದ್ದರೆ ಅದರ ರೆಫ್ ಐಡಿ ಹುಡುಕಿ, ಲಿಡಿಯಾಳನ್ನು ಕರೆಸಿದ ಹಾಗೆಯೇ `prid`, `moveto player` ಎನ್ನಬೇಕು. ಸಂದಿಯಲ್ಲಿ ಕಣ್ಣಿಗೆ ಕಾಣುತ್ತಿದ್ದು ಕೈ ಮಾತ್ರ ಎಟುಕದಿದ್ದರೆ ಇನ್ನೂ ಸರಳ ಉಪಾಯವಿದೆ: `tcl` ಎಂದು ಬರೆದರೆ ಆಟಗಾರ ಗೋಡೆ, ಬಂಡೆಗಳ ಮೂಲಕ ಹಾದುಹೋಗಬಲ್ಲ. ಹೋಗಿ ಎತ್ತಿಕೊಂಡು, ಹೊರಗೆ ಬಂದು, ಗಟ್ಟಿ ನೆಲದ ಮೇಲೆ ನಿಂತು ಮತ್ತೆ `tcl` ಎಂದರೆ ಎಂದಿನಂತಾಗುತ್ತದೆ. ಗಾಳಿಯಲ್ಲಿ ತೇಲುತ್ತಿರುವಾಗ ಅದನ್ನು ನಿಲ್ಲಿಸಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಪರೀಕ್ಷಕರ ಕಾಲದ ಇನ್ನೊಂದು ಅವಶೇಷ ನೋಡಲೇಬೇಕಾದದ್ದು. `coc qasmoke` ಎಂದು ಬರೆದರೆ ನಕ್ಷೆಯಲ್ಲೆಲ್ಲೂ ಇಲ್ಲದ ಒಂದು ಕೋಣೆಗೆ ಹೋಗಿ ಬೀಳುತ್ತಾರೆ. ಗೇಮಿನ ವಸ್ತುಗಳನ್ನೆಲ್ಲ ಬಗೆಬಗೆಯಾಗಿ ತುಂಬಿಸಿದ ಪೆಟ್ಟಿಗೆಗಳ ಸಾಲು ಅಲ್ಲಿದೆ. ಒಳಗೆ ಸಾಮಾನು ಅಷ್ಟಿರುವುದರಿಂದ ಪೆಟ್ಟಿಗೆ ತೆರೆದಾಗ ಗೇಮ್ ಕೆಲಹೊತ್ತು ಉಸಿರು ಹಿಡಿದಂತೆ ನಿಲ್ಲುತ್ತದೆ, ಕೆಟ್ಟಿತೆಂದು ಮುಚ್ಚಬಾರದು. ಮರಳಿ ಬರಲು `coc riverwood` ಎಂದರೆ ರಿವರ್‌ವುಡ್ ಹಳ್ಳಿ. ಒಂದೆರಡು ವಸ್ತುವಿಗಾಗಿ ಅಲ್ಲಿಗೆ ಹೋದವರು ಚೀಲ ತುಂಬ ಹೊತ್ತು ತರುತ್ತಾರೆ, ಆಮೇಲೆ ಗೇಮಿನಲ್ಲಿ ಹುಡುಕಲು ಏನೂ ಉಳಿಯಲಿಲ್ಲ ಎಂದು ಗೊಣಗುತ್ತಾರೆ. ಕ್ವೆಸ್ಟ್ ನುಂಗಿಹಾಕಿದ ನೂರು ನಾಣ್ಯವನ್ನು ಮರಳಿ ಪಡೆಯುವುದು ಬೇರೆ, ಇದು ಬೇರೆ.

ಕ್ಲಿಕ್ ಮಾಡಿ ಆರಿಸುವಾಗಲೂ ಎಚ್ಚರ ಬೇಕು. ಮಂಜು, ಹೊಗೆ, ಬೆಳಕಿನ ಕಿರಣ ಇವೆಲ್ಲವೂ ಗೇಮಿನ ಲೆಕ್ಕದಲ್ಲಿ ವಸ್ತುಗಳೇ. ದಾರಿಗೆ ಅಡ್ಡ ನಿಂತ ಬಂಡೆಯನ್ನು ಆರಿಸಿ `disable` ಎಂದು ಮಾಯ ಮಾಡಲು ಹೊರಟವರು ಅದರ ಮುಂದಿನ ಮಂಜನ್ನು ಮಾಯ ಮಾಡಿರುತ್ತಾರೆ. ಅಥವಾ ಹಿಂದಿದ್ದ ಗೋಡೆಯನ್ನು. ಬೇರೇನನ್ನೂ ಕ್ಲಿಕ್ ಮಾಡದೆ ಅಲ್ಲೇ `enable` ಎಂದರೆ ಅದು ಮರಳಿ ಬರುತ್ತದೆ. ಕನ್ಸೋಲ್ ಮುಚ್ಚಿ ಮುಂದೆ ನಡೆದುಬಿಟ್ಟರೆ ಕಾಣದ ವಸ್ತುವಿನ ಮೇಲೆ ಮತ್ತೆ ಕ್ಲಿಕ್ ಮಾಡುವುದು ಹೇಗೆ? ಅದಕ್ಕೇ ಆಜ್ಞೆ ಕೊಡುವ ಮೊದಲು ತೆರೆಯ ಮೇಲೆ ಕಂಡ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದರೆ `prid` ಮೂಲಕ ಅದನ್ನು ಮತ್ತೆ ಹಿಡಿಯಬಹುದು. ಆಜ್ಞೆಯಲ್ಲಿ ಅಕ್ಷರ ತಪ್ಪಿದರೆ ಮಾತ್ರ ಚಿಂತೆಯಿಲ್ಲ. ಅಂಥ ಆಜ್ಞೆ ಇಲ್ಲವೆಂದು ಕನ್ಸೋಲ್ ಒಂದು ಸಾಲು ಗೊಣಗಿ ಸುಮ್ಮನಾಗುತ್ತದೆ, ಮೇಲಿನ ಬಾಣದ ಕೀ ಒತ್ತಿದರೆ ಹಿಂದೆ ಬರೆದದ್ದೇ ಮತ್ತೆ ಬರುತ್ತದೆ, ತಿದ್ದಿಕೊಳ್ಳಬಹುದು.

ವಿಂಡ್‌ಹೆಲ್ಮ್‌ನ ತನಿಖೆಯಂಥ ಹೆಸರಾಂತ ತೊಡಕುಗಳಿಗೆ ಇನ್ನೊಂದು ಮದ್ದೂ ಇದೆ. ಆಟಗಾರರೇ ಸೇರಿ ವರ್ಷಗಟ್ಟಲೆ ತಿದ್ದಿ ತೀಡಿರುವ ‘ಅನ್‌ಅಫಿಷಿಯಲ್ ಸ್ಕೈರಿಮ್ ಪ್ಯಾಚ್’ ಎಂಬ ಉಚಿತ ಮಾಡ್ ಕಂಪನಿ ಸರಿಮಾಡದೆ ಬಿಟ್ಟ ಎಷ್ಟೋ ದೋಷಗಳನ್ನು ಮೂಲದಲ್ಲೇ ಸರಿಪಡಿಸುತ್ತದೆ. 2016ರಲ್ಲಿ ಬಂದ ಸ್ಪೆಷಲ್ ಎಡಿಷನ್‌ಗೆ ಬೇರೆಯದೇ ಆವೃತ್ತಿ ಇದೆ. ಹೊಸದಾಗಿ ಆಟ ಶುರುಮಾಡುವವರು ಅದನ್ನು ಮೊದಲೇ ಹಾಕಿಕೊಂಡರೆ ಕನ್ಸೋಲಿನ ಕೆಲಸ ಬಹಳ ಕಡಿಮೆಯಾಗುತ್ತದೆ. ಆದರೆ ಈಗಾಗಲೇ ನಡುವಿನಲ್ಲಿ ಸಿಕ್ಕಿಕೊಂಡಿರುವ ಕ್ವೆಸ್ಟನ್ನು ಅದು ಬಿಡಿಸಿಯೇ ತೀರುತ್ತದೆ ಎನ್ನುವಂತಿಲ್ಲ. ಸೇವ್‌ನೊಳಗೆ ಹಳೆಯ ಸ್ಥಿತಿ ಬರೆದಿಟ್ಟಾಗಿರುತ್ತದೆ.

ಸ್ಪೆಷಲ್ ಎಡಿಷನ್‌ನಲ್ಲಿ ಮಾಡ್ ಹಾಕಿಕೊಂಡರೆ ಸ್ಟೀಮ್‌ನ ಸಾಧನೆಯ ಪದಕಗಳು ಸಿಗುವುದಿಲ್ಲ, ಕನ್ಸೋಲ್ ಬಳಸಿದರೆ ಸಿಗುತ್ತವೆ. ಇದರಲ್ಲೊಂದು ವಿಚಿತ್ರವಿದೆ: ದೋಷ ತಿದ್ದುವ ಪ್ಯಾಚ್ ಹಾಕಿದ ಪ್ರಾಮಾಣಿಕ ಆಟಗಾರ ಪದಕ ಕಳೆದುಕೊಳ್ಳುತ್ತಾನೆ, `additem` ಬರೆದು ಲಕ್ಷ ನಾಣ್ಯ ತರಿಸಿಕೊಂಡವನು ಉಳಿಸಿಕೊಳ್ಳುತ್ತಾನೆ. ಬೆಥೆಸ್ಡಾದವರು 2023ರ ‘ಸ್ಟಾರ್‌ಫೀಲ್ಡ್’ ಹೊತ್ತಿಗೆ ಈ ಸಡಿಲ ಬಿಟ್ಟಿಲ್ಲ. ಅದರಲ್ಲಿ ಕನ್ಸೋಲ್ ತೆರೆಯಲು ಹೋದರೆ, ಇದನ್ನು ಬಳಸಿದರೆ ಪದಕಗಳು ನಿಲ್ಲುತ್ತವೆ ಎಂದು ಗೇಮೇ ಮೊದಲು ಎಚ್ಚರಿಸುತ್ತದೆ.